ಹಲಗೆ ಮೇಲಿನ ಎಣ್ಣೆ ಬಾಟಲಿಗಳು

ಅಂಗಡಿ ಫೋಟೋ ಕೈಗೆ ಸಿಕ್ಕಿದರೆ ಕೆಲವರು ಬೋರ್ಡು ನೋಡುತ್ತಾರೆ, ಕೆಲವರು ಗಲ್ಲಾದಲ್ಲಿ ಕೂತವರ ಮುಖ ನೋಡುತ್ತಾರೆ. ನನ್ನ ಕಣ್ಣು ಸೀದಾ ಹಲಗೆಗೆ ಹೋಗುತ್ತದೆ. ಎಷ್ಟು ಬಾಟಲಿ, ಒಂದಕ್ಕೆ ಎಷ್ಟು ರೇಟು, ಒಟ್ಟು ಎಷ್ಟಾಯಿತು. ಯಾರೂ ಕೇಳಿರುವುದಿಲ್ಲ, ಸುಮ್ನೆ.

ಡಿಸೆಂಬರ್‌ನಲ್ಲಿ ಒಬ್ಬರು ಕೇಳಿಯೇ ಬಿಟ್ಟರು. ಮಂಡ್ಯದಲ್ಲಿರುವ ನನ್ನ ಬಾಮೈದ ನೂರಡಿ ರಸ್ತೆಯ ಹತ್ತಿರ ಒಂದು ಗಾಣದ ಎಣ್ಣೆ ಅಂಗಡಿಯನ್ನು ಮಾಲು ಸಮೇತ ಕೊಂಡುಕೊಳ್ಳುವ ಮಾತಿನಲ್ಲಿದ್ದ. ಬೆಳಿಗ್ಗೆ ಶಟರ್ ತೆಗೆದ ತಕ್ಷಣ ಒಂದು ಫೋಟೋ ಹೊಡೆದು ಕಳಿಸಿದ. "ಭಾವ, ಎಣ್ಣೆ ಮಾಲೇ ಇಪ್ಪತ್ತು ಸಾವಿರದ್ದು ಅಂತವ್ರೆ. ಒಸಿ ನೋಡಿ ಹೇಳಿ."

ಎರಡೇ ಹಲಗೆ. ಕೆಳಗಿನದರಲ್ಲಿ ಒಂದು ಲೀಟರಿನ ಕಡಲೆಕಾಯಿ ಎಣ್ಣೆ, ಮುಂದಿನ ಸಾಲಲ್ಲಿ 9 ಬಾಟಲಿ, ಚೀಟಿಯಲ್ಲಿ 320 ರೂಪಾಯಿ. ಮೇಲಿನದರಲ್ಲಿ ಅರ್ಧ ಲೀಟರಿನ ಕೊಬ್ಬರಿ ಎಣ್ಣೆ, ಮುಂದೆ 12, ಚೀಟಿ 240.

ಮುಂದಿನ ಸಾಲು ಎಣಿಸೋದು ಮಕ್ಕಳ ಆಟ. ಕಷ್ಟ ಇರೋದು ಹಿಂದಿನದರಲ್ಲಿ. ಹಲಗೆ ಒಂದಡಿ ಆಳ ಅಂದುಕೊಳ್ಳಿ, ಅಂದರೆ 30 ಸೆಂಟಿಮೀಟರ್. ಲೀಟರ್ ಬಾಟಲಿಯ ಅಗಲ ಸುಮಾರು 8 ಸೆಂಟಿಮೀಟರ್, ಹಾಗಾಗಿ ಒಂದರ ಹಿಂದೆ ಒಂದು ಮೂರು ಹಿಡಿಯುತ್ತದೆ. ಅರ್ಧ ಲೀಟರಿನದು ನಾಲ್ಕು. ಎಲ್ಲವೂ ತುಂಬಿದ್ದರೆ ಕೆಳಗೆ 27, ಮೇಲೆ 48. ಚೀಟಿ ರೇಟಿನಿಂದ ಗುಣಿಸಿ ಕೂಡಿಸಿದರೆ 20,160. ಓಹೋ, ಅಂಗಡಿಯವರ ಇಪ್ಪತ್ತು ಸಾವಿರ ಎಲ್ಲಿಂದ ಬಂತು ಅಂತ ಗೊತ್ತಾಯಿತಲ್ಲ! ಅವರು ಬಾಟಲಿ ಎಣಿಸಿಲ್ಲ, ಹಲಗೆ ಎಣಿಸಿದ್ದಾರೆ.

ಆದರೆ ಯಾವ ಅಂಗಡಿಯಲ್ಲೂ ಹಲಗೆ ಹಿಂದಿನವರೆಗೆ ತುಂಬಿರೋದಿಲ್ಲ. ಒಂದು ಮಾರಾಟವಾದರೆ ಹಿಂದಿನದನ್ನು ಮುಂದಕ್ಕೆ ಎಳೆದಿಡುತ್ತಾರೆ. ಮುಂದಿನ ಸಾಲು ಯಾವತ್ತೂ ತುಂಬಿದಂತೆ ಕಾಣೋದು ಅದಕ್ಕೇ, ಹಿಂದೆ ಖಾಲಿ ಇದ್ದರೂ.

ಕೆಳಗಿನ ಹಲಗೆಯ ಗುಟ್ಟು ಮುಚ್ಚಳದಲ್ಲಿದೆ. ಫೋಟೋ ತೆಗೆಯುವವನ ಕಣ್ಣಿಗಿಂತ ಹಲಗೆ ತಗ್ಗಿನಲ್ಲಿದ್ದರೆ ಹಿಂದಿನ ಸಾಲುಗಳ ಮುಚ್ಚಳಗಳೂ ಇಣುಕುತ್ತವೆ. ಬಾಟಲಿ ಬಿಟ್ಟು ಮುಚ್ಚಳ ಎಣಿಸಬೇಕು. ಹಳದಿ ಮುಚ್ಚಳಗಳು ಎರಡನೇ ಸಾಲಲ್ಲೂ 9 ಇದ್ದವು, ಮೂರನೆಯದರಲ್ಲಿ ಎಡಗಡೆ ನಾಲ್ಕೇ. ಒಟ್ಟು 22.

ಮೇಲಿನ ಹಲಗೆ ಕಣ್ಣಿನ ಮಟ್ಟಕ್ಕಿಂತ ಎತ್ತರ, ಮುಚ್ಚಳ ಕಾಣೋದಿಲ್ಲ. ಅಲ್ಲಿ ಬೇರೆ ಉಪಾಯ ಇದೆ. ಪಾರದರ್ಶಕ ಬಾಟಲಿಯಲ್ಲಿ ಎಣ್ಣೆ ಇದ್ದಾಗ ಹಿಂದೆ ಬರೀ ಗೋಡೆ ಇದ್ದರೆ ಬಣ್ಣ ತಿಳಿಯಾಗಿ ಬೆಳಗುತ್ತದೆ, ಇನ್ನೊಂದು ಬಾಟಲಿ ಇದ್ದರೆ ಮಬ್ಬಾಗುತ್ತದೆ. ಅಷ್ಟು ಸಾಕು. ಆದರೆ ಇದು ಕೊಬ್ಬರಿ ಎಣ್ಣೆ, ಮೇಲಾಗಿ ಡಿಸೆಂಬರ್ ಬೆಳಿಗ್ಗೆ. 24 ಡಿಗ್ರಿಗಿಂತ ಕೆಳಗಿಳಿದರೆ ಅದು ಹೆಪ್ಪುಗಟ್ಟುತ್ತದೆ. ಹನ್ನೆರಡೂ ಬಾಟಲಿ ಸುಣ್ಣ ಬಳಿದ ಹಾಗೆ ಬೆಳ್ಳಗೆ ನಿಂತಿದ್ದವು. ಹಿಂದೆ ಏನಿದೆಯೋ ದೇವರೇ ಬಲ್ಲ. ಕಮ್ಮಿ ಅಂದರೆ 12, ಜಾಸ್ತಿ ಅಂದರೆ 48. ಈ ಅಂತರದ ಮುಂದೆ ಚೀಟಿಯ ಅಂಕಿ 240 ಇದೆಯೋ 260 ಇದೆಯೋ ಅಂತ ಕಣ್ಣು ಕಿರಿದು ಮಾಡಿ ನೋಡೋದೆಲ್ಲ ವ್ಯರ್ಥ.

"ಮಧ್ಯಾಹ್ನ ಬಿಸಿಲು ಒಳಗೆ ಬಂದ ಮೇಲೆ, ಸ್ಟೂಲ್ ಹತ್ತಿ ಇನ್ನೊಂದು ಹೊಡಿ" ಅಂದೆ.

ಅಷ್ಟರಲ್ಲಿ ರೇಟಿನ ವಿಷಯ. ಚೀಟಿಯಲ್ಲಿರೋದು ಗಿರಾಕಿ ಕೊಡುವ ಬೆಲೆ, ತೆರಿಗೆ ಸೇರಿದ್ದು. ಉಳಿದಿರುವ ಮಾಲನ್ನು ಆ ಬೆಲೆಗೆ ಲೆಕ್ಕ ಹಿಡಿಯೋದು ಇನ್ನೂ ಮಾರದ ಬಾಟಲಿಯ ಲಾಭವನ್ನು ಇವತ್ತೇ ಜೇಬಿಗಿಳಿಸಿದ ಹಾಗೆ. ಲೆಕ್ಕಪತ್ರದ ನಿಯಮವೂ ಅಷ್ಟೇ ಹೇಳುತ್ತದೆ: ಕೊಂಡ ಬೆಲೆ, ಅಥವಾ ಮಾರಿದರೆ ಖರ್ಚು ಕಳೆದು ಕೈಗೆ ಬರುವ ಬೆಲೆ, ಎರಡರಲ್ಲಿ ಯಾವುದು ಕಮ್ಮಿಯೋ ಅದು. ಅಡುಗೆ ಎಣ್ಣೆಗೆ ಜಿಎಸ್‌ಟಿ ಶೇಕಡ 5, ಹಾಗಾಗಿ 320ನ್ನು 1.05ರಿಂದ ಭಾಗಿಸಿದರೆ ಸುಮಾರು 305. ಅಂಗಡಿಯ ಲಾಭ ಶೇಕಡ 15 ಅಂತ ಹಿಡಿದು ಕಳೆದರೆ ಕೊಂಡ ಬೆಲೆ ಸುಮಾರು 259. ಆ ಶೇಕಡ 15 ನನ್ನ ಊಹೆ, ಒಂದು ಖರೀದಿ ಬಿಲ್ಲು ಸಿಕ್ಕರೆ ಅದನ್ನೇ ಹಾಕಬಹುದು. ಕಡಲೆಕಾಯಿ ಎಣ್ಣೆಯ 22 ಬಾಟಲಿಗೆ 5,700 ಆಯಿತು.

ಮೂರು ಗಂಟೆಗೆ ಎರಡನೇ ಫೋಟೋ ಬಂತು. ಎಣ್ಣೆ ಕರಗಿ ನೀರಾಗಿತ್ತು. ಎಡಗಡೆ ಆರು ಬಾಟಲಿಗಳ ಹಿಂದೆ ಮತ್ತೊಂದು ಸಾಲು, ಬಲಗಡೆ ನೇರವಾಗಿ ಗೋಡೆ. ಅದರ ಮೇಲಿನ ಹಲ್ಲಿ ಕೂಡ ಕಾಣುತ್ತಿತ್ತು. ಒಟ್ಟು 18, ಕೊಂಡ ಬೆಲೆ ಅದೇ ಲೆಕ್ಕದಲ್ಲಿ 194ರಂತೆ 3,500. ಎರಡೂ ಸೇರಿ 9,200, ಅದೂ ಎಣ್ಣೆ ಕಮಟು ಹಿಡಿದಿಲ್ಲ ಅನ್ನೋ ನಂಬಿಕೆಯ ಮೇಲೆ. ತಾರೀಖು ನೋಡಬೇಕಾದರೆ ಬಾಟಲಿ ಕೈಗೆತ್ತಿಕೊಳ್ಳಲೇಬೇಕು, ಅಲ್ವಾ?

ಸದ್ಯ ಅಂಗಡಿಯವರು ಹನ್ನೆರಡು ಸಾವಿರಕ್ಕೆ ಇಳಿದಿದ್ದಾರಂತೆ. ಬಾಮೈದ ಖರೀದಿ ಬಿಲ್ಲು ಕೇಳಿದ್ದಾನೆ, ಅವರು ಹುಡುಕುತ್ತಿದ್ದಾರೆ.