ಯಾವ ಊದಿನಕಡ್ಡಿ ಕೊಡ್ಲಿ?

ದಿನಸಿ ಅಂಗಡಿಯ ಗಲ್ಲಾದ ಮುಂದೆ ಒಂದು ಗಂಟೆ ನಿಂತರೆ ಸಾಕು, ಈ ಮಾತು ನಾಲ್ಕಾರು ಸಲವಾದರೂ ಕಿವಿಗೆ ಬೀಳುತ್ತದೆ.

"ಒಂದು ಪ್ಯಾಕೆಟ್ ಊದಿನಕಡ್ಡಿ ಕೊಡಿ."

"ಯಾವುದು ಕೊಡ್ಲಿ?"

ಕೆಲವರು "ಯಾವ್ದಾದ್ರೂ ಕೊಡಪ್ಪ, ಹೊಗೆ ಜಾಸ್ತಿ ಬರಬಾರದು ಅಷ್ಟೆ" ಅನ್ನುತ್ತಾರೆ. ಇನ್ನು ಕೆಲವರು ಪ್ರಶ್ನೆ ಮುಗಿಯುವ ಮೊದಲೇ "ಅದೇ ರೀ, ಹಳದಿ ಪ್ಯಾಕೆಟ್ಟು" ಅನ್ನುತ್ತಾರೆ. ಹಳದಿ ಖಾಲಿಯಾಗಿದ್ದರೆ ಎದುರಿನ ಅಂಗಡಿಗೆ ಹೋಗುತ್ತಾರೆ. ಮೊದಲನೆಯವರ ಕೈಗೆ ಯಾವ ಪ್ಯಾಕೆಟ್ ಹೋಗಬೇಕೆಂದು ತೀರ್ಮಾನಿಸುವವನು ಅಂಗಡಿಯವನು. ಅವನಿಗೆ ಹೆಚ್ಚು ಮಾರ್ಜಿನ್ ಕೊಡುವ ಕಂಪನಿಯ ಮಾಲು ಮುಂದೆ ಬರುತ್ತದೆ. ಎರಡನೆಯವರ ವಿಷಯದಲ್ಲಿ ಅಂಗಡಿಯವನ ಆಟ ನಡೆಯುವುದಿಲ್ಲ. ಬ್ರಾಂಡ್ ಮೌಲ್ಯ ಎಂದು ಲೆಕ್ಕಿಗರು ಪುಟಗಟ್ಟಲೆ ಬರೆಯುವುದು ಈ ವ್ಯತ್ಯಾಸವನ್ನೇ.

ಲೆಕ್ಕಕ್ಕೆಂದು ಎರಡು ಕಂಪನಿಗಳನ್ನು ಕಟ್ಟಿಕೊಳ್ಳೋಣ. ಒಂದಕ್ಕೆ ಕಪ್ಪು ಎಂದು ಹೆಸರಿರಲಿ. ಇದ್ದಿಲ ಪುಡಿ, ಜಿಗಟು ಕಲಸಿ ಬಿದಿರ ಕಡ್ಡಿಗೆ ಮೆತ್ತಿದ, ಇನ್ನೂ ಪರಿಮಳ ಹತ್ತಿಸದ ಕರೀ ಕಡ್ಡಿಯನ್ನು ಅದು ಮೂಟೆಗಟ್ಟಲೆ ಬೇರೆ ಕಂಪನಿಗಳಿಗೆ ಮಾರುತ್ತದೆ. ವರ್ಷಕ್ಕೆ 200 ಕೋಟಿ ವಹಿವಾಟು. ಅದರಲ್ಲಿ 10 ಕೋಟಿಯಷ್ಟು ಮಾತ್ರ ಸ್ವಂತ ಹೆಸರಿನ ಪ್ಯಾಕೆಟ್ಟು, ಅದೂ ಸಂತೆಗಳಲ್ಲಿ. ಇನ್ನೊಂದು ಹಳದಿ. ಕರೀ ಕಡ್ಡಿ ಕೊಂಡು, ಸುಗಂಧದಲ್ಲಿ ಅದ್ದಿ, ಒಣಗಿಸಿ, ಹಳದಿ ಪ್ಯಾಕೆಟ್ಟಿಗೆ ತುಂಬಿ ವರ್ಷಕ್ಕೆ 60 ಕೋಟಿ ವಹಿವಾಟು ಮಾಡುತ್ತದೆ. ತೆರಿಗೆ ಕಳೆದು ಇಬ್ಬರ ಲಾಭವೂ 10 ಕೋಟಿ. ಹಳದಿ ಕೊಳ್ಳುವುದು ಕಪ್ಪಿನ ಕಡ್ಡಿಯನ್ನೇ ಎಂದು ಬೇಕಾದರೂ ಇಟ್ಟುಕೊಳ್ಳಿ, ಲೆಕ್ಕ ಬದಲಾಗುವುದಿಲ್ಲ.

ಮೊದಲು ಕೇಳಬೇಕಾದ್ದು, ಈ ಹತ್ತು ಕೋಟಿ ದುಡಿಯಲು ಎಷ್ಟು ದುಡ್ಡು ಹೂಡಬೇಕಾಯಿತು ಎಂದು. ಕಪ್ಪು ತನ್ನ ಗಿರಾಕಿಗಳಿಗೆ ಮೂರು ತಿಂಗಳು ಉದ್ರಿ ಕೊಡಲೇಬೇಕು. ಅಲ್ಲಿಗೇ 50 ಕೋಟಿ ಸಿಕ್ಕಿಬಿತ್ತು. ಯಂತ್ರ, ಗೋದಾಮು, ಬಿದಿರಿನ ದಾಸ್ತಾನಿಗೆ ಇನ್ನೊಂದು 30 ಕೋಟಿ. ಹಳದಿಗೆ ಸ್ಟಾಕಿಸ್ಟುಗಳು ಮುಂಗಡ ಕಟ್ಟಿ ಮಾಲು ಎತ್ತುತ್ತಾರೆ, ಹಾಗಾಗಿ ಅದರ ಬಂಡವಾಳ 25 ಕೋಟಿಗೆ ನಿಂತಿದೆ. ಹೂಡಿದ ದುಡ್ಡಿಗೆ ವರ್ಷಕ್ಕೆ ನೂರಕ್ಕೆ 12ರಂತೆ ಬಾಡಿಗೆ ಹಾಕಿ. ಕಪ್ಪಿನ ಹತ್ತು ಕೋಟಿಯಲ್ಲಿ 9.6 ಕೋಟಿ ಬಾಡಿಗೆಗೇ ಹೋಗಿ, ಉಳಿಯುವುದು 40 ಲಕ್ಷ. ಹಳದಿಗೆ ಬಾಡಿಗೆ 3 ಕೋಟಿ, ಉಳಿದದ್ದು 7 ಕೋಟಿ. ಸಮ ಲಾಭದ ಮಾತು ಇಲ್ಲಿಗೇ ಮುಗಿಯಿತು.

ಆದರೆ ಏಳು ಕೋಟಿಯೂ ಹೆಸರಿನ ದುಡಿಮೆಯಲ್ಲ. ಸುಗಂಧ ಬೆರೆಸುವವನ ಗುಟ್ಟಿದೆ, ಹಳ್ಳಿಹಳ್ಳಿಗೆ ಹೋಗುವ ವ್ಯಾನುಗಳಿವೆ. ಅದೇ ಕಡ್ಡಿಯನ್ನು ಹೆಸರಿಲ್ಲದ ಬಿಳಿ ಪ್ಯಾಕೆಟ್ಟಿನಲ್ಲಿ ಇಟ್ಟರೆ ಎಷ್ಟು ಜನ ಬಿಟ್ಟುಹೋಗುತ್ತಾರೆ, ಉಳಿದವರು ಎಷ್ಟು ಕಡಿಮೆ ಬೆಲೆ ಕೊಡುತ್ತಾರೆ ಎಂದು ವಿಚಾರಿಸಿ, ಹೆಸರಿನ ಪಾಲು ನೂರಕ್ಕೆ 60 ಎಂದು ಕಂಡುಕೊಂಡೆವೆನ್ನಿ. ಆಗ 4.2 ಕೋಟಿ. ಕಪ್ಪಿನ ಗಿರಾಕಿ ನೋಡುವುದು ಕಡ್ಡಿಯ ಉದ್ದ, ತೇವ ಮತ್ತು ದರವನ್ನು. ಹೆಸರಿಗೆ ನೂರಕ್ಕೆ 10 ಕೊಟ್ಟರೂ ಧಾರಾಳವೇ: 4 ಲಕ್ಷ.

ಇನ್ನು ಈ ಸಂಪಾದನೆ ಎಷ್ಟು ಕಾಲ ಬಾಳೀತು ಎಂಬುದು. ಮುಂದೆ ಬರುವ ದುಡ್ಡಿಗೆ ಇವತ್ತಿನ ಬೆಲೆ ಕಟ್ಟಲು, ಗಟ್ಟಿ ಹೆಸರಿನ ಮುಂದಿನ ವರ್ಷಗಳ ಗಳಿಕೆಯನ್ನು ಕಡಿಮೆ ದರದಲ್ಲಿ ಕಡಿತ ಮಾಡುತ್ತಾರೆ, ದುರ್ಬಲ ಹೆಸರಿನದನ್ನು ಹೆಚ್ಚು ದರದಲ್ಲಿ. ಕಡಿತದ ದರದಿಂದ ಗಳಿಕೆಯ ವಾರ್ಷಿಕ ಬೆಳವಣಿಗೆಯನ್ನು ಕಳೆದು, ಉಳಿದ ಅಂತರದಿಂದ ಒಂದು ವರ್ಷದ ಗಳಿಕೆಯನ್ನು ಭಾಗಿಸಿದರೆ ಆ ಬೆಲೆ ಸಿಗುತ್ತದೆ. ಹಳದಿಗೆ ಕಡಿತ ನೂರಕ್ಕೆ 14, ಬೆಳವಣಿಗೆ 4. ನಡುವಿನ ಅಂತರ 10. ಹಾಗಾಗಿ 4.2 ಕೋಟಿಯನ್ನು 0.10ರಿಂದ ಭಾಗಿಸಿದರೆ 42 ಕೋಟಿ. ಕಪ್ಪಿಗೆ 18, ಬೆಳವಣಿಗೆ 2. 4 ಲಕ್ಷವನ್ನು 0.16ರಿಂದ ಭಾಗಿಸಿದರೆ 25 ಲಕ್ಷ. ಅಷ್ಟು ದುಡ್ಡಿಗೆ ಒಂದು ಒಳ್ಳೆಯ ಕಾರು ಬಂದೀತು.

ಬಾಳಿಕೆ ಅಂದರೇನು ಎಂಬುದಕ್ಕೆ 2015ರ ಮ್ಯಾಗಿ ನೂಡಲ್ಸ್ ನೆನಪಿಸಿಕೊಳ್ಳಬಹುದು. ಜೂನಿನಲ್ಲಿ ಅಂಗಡಿಗಳಿಂದ ಮಾಯವಾಯಿತು, ಆ ತ್ರೈಮಾಸಿಕದಲ್ಲಿ ನೆಸ್ಲೆ ಇಂಡಿಯಾ ನಷ್ಟ ತೋರಿಸಿತು. ನವೆಂಬರಿನಲ್ಲಿ ಪ್ಯಾಕೆಟ್ಟು ಮರಳಿದಾಗ ಜನ ಅದೇ ಹೆಸರು ಹೇಳಿ ಕೇಳಿದರು. ಲಾಭ ಸೊನ್ನೆಗಿಂತ ಕೆಳಗಿಳಿದಿದ್ದರೂ ಹೆಸರು ಸೊನ್ನೆಯಾಗಿರಲಿಲ್ಲ.

42 ಕೋಟಿ ಎಂಬ ಅಂಕಿಯನ್ನು ಕಂಡು ಕೈಮುಗಿಯಬೇಕಿಲ್ಲ. ಹೆಸರಿನ ಪಾಲನ್ನು 60ರಿಂದ 50ಕ್ಕೆ ಇಳಿಸಿದರೆ ಅದು 35 ಆಗುತ್ತದೆ; ಕಡಿತದ ದರವನ್ನು 14ರಿಂದ 12 ಮಾಡಿದರೆ 52.5ಕ್ಕೆ ಏರುತ್ತದೆ. ಅದಕ್ಕೇ ಇನ್ನೊಂದು ದಾರಿಯಿಂದಲೂ ಅಳೆದು ನೋಡುವುದು ವಾಡಿಕೆ. ಈ ಹೆಸರು ಬೇರೆಯವರದಾಗಿದ್ದು, ನಾವು ಬಾಡಿಗೆಗೆ ಪಡೆದಿದ್ದರೆ ಮಾರಾಟದ ಮೇಲೆ ಎಷ್ಟು ರಾಯಧನ ಕಟ್ಟಬೇಕಾಗುತ್ತಿತ್ತು? ಹಳದಿಗೆ ನೂರಕ್ಕೆ 8 ಎಂದರೆ 4.8 ಕೋಟಿ, ಕಾಲು ಭಾಗ ತೆರಿಗೆ ಹೋಗಿ 3.6, ಅದೇ 0.10ರಿಂದ ಭಾಗಿಸಿದರೆ 36 ಕೋಟಿ. 36 ಮತ್ತು 42 ಒಂದೇ ಬೀದಿಯ ಮನೆಗಳು, ಚಿಂತೆಯಿಲ್ಲ. ಒಂದು 36 ಬಂದು ಇನ್ನೊಂದು 120 ಬಂದರೆ ಎಲ್ಲೋ ಎಡವಿದ್ದೇವೆ.

ಎಡವುವುದು ಸಾಮಾನ್ಯವಾಗಿ ಕಪ್ಪಿನಂಥ ಕಂಪನಿಯಲ್ಲಿ. ದೊಡ್ಡ ವಹಿವಾಟು ಕಂಡ ಉತ್ಸಾಹದಲ್ಲಿ 200 ಕೋಟಿಯ ಮೇಲೂ ನೂರಕ್ಕೆ 1ರಂತೆ ರಾಯಧನ ಹಾಕಿಬಿಡುತ್ತಾರೆ. ತೆರಿಗೆ ಕಳೆದು 1.5 ಕೋಟಿ, 0.16ರಿಂದ ಭಾಗಿಸಿದರೆ 9 ಕೋಟಿ ಮೀರಿದ ಮೌಲ್ಯ! ಆದರೆ 190 ಕೋಟಿಯ ಮಾಲು ಹೋದದ್ದು ಬೇರೆಯವರ ಹೆಸರಿನಲ್ಲಿ. ಸ್ವಂತ ಹೆಸರಿನ 10 ಕೋಟಿಗಷ್ಟೇ ಹಾಕಿದರೆ 47 ಲಕ್ಷದ ಆಸುಪಾಸಿಗೆ ಬರುತ್ತದೆ.

ಇನ್ನೊಂದು ಮೋಸ ಹಳದಿಯಂಥ ಕಂಪನಿಯಲ್ಲಿ, ಅದೂ ಒಳಗಿನವರೇ ಮಾಡಿಕೊಳ್ಳುವಂಥದು. ಜಾಹೀರಾತಿನ ಖರ್ಚು ಆಯಾ ವರ್ಷದ ಲಾಭದಿಂದಲೇ ಕಳೆದುಹೋಗುತ್ತದೆ. ಅದನ್ನು ನಿಲ್ಲಿಸಿದ ವರ್ಷ ಲಾಭ ಜಿಗಿಯುತ್ತದೆ, ಮ್ಯಾನೇಜರಿಗೆ ಬಹುಮಾನವೂ ಸಿಕ್ಕೀತು. ಹೆಸರು ಸವೆಯುತ್ತಿರುವುದು ಮೊದಲು ಕಾಣುವುದು ಲಾಭದ ಸಾಲಿನಲ್ಲಲ್ಲ. ಹತ್ತು ಡಜನ್‌ಗೆ ಒಂದು ಡಜನ್ ಫ್ರೀ ಎಂಬ ಸ್ಕೀಮು ದೀಪಾವಳಿಗೆ ಶುರುವಾಗಿ ಯುಗಾದಿಯಾದರೂ ನಿಲ್ಲುವುದಿಲ್ಲ. ಮುಂಗಡ ಕಟ್ಟುತ್ತಿದ್ದ ಸ್ಟಾಕಿಸ್ಟ್ "ಹದಿನೈದು ದಿನ ಟೈಮ್ ಕೊಡಿ ಸಾರ್" ಅನ್ನತೊಡಗುತ್ತಾನೆ. ಹಳದಿ ನಿಧಾನವಾಗಿ ಕಪ್ಪಾಗುತ್ತಿದೆ ಎಂದರ್ಥ. ಹಾಗಾಗಿ ಕಂಪನಿ ಕೊಳ್ಳಲು ಬಂದ ಜಾಣ, ಲಾಭದ ಜೊತೆಗೆ ಐದು ವರ್ಷದ ಜಾಹೀರಾತು, ಸ್ಕೀಮು ಮತ್ತು ಉದ್ರಿಯ ದಿನಗಳನ್ನೂ ಕೇಳಿ ಪಡೆಯುತ್ತಾನೆ.

ಇಷ್ಟೆಲ್ಲ ಹಳದಿಯ ಆಸ್ತಿ ಪಟ್ಟಿಯಲ್ಲಿ ಇದೆಯೇ ಎಂದು ತೆಗೆದು ನೋಡಿದರೆ, ಇಲ್ಲ. ನಮ್ಮ ಲೆಕ್ಕಪತ್ರ ನಿಯಮ ಇಂಡ್ ಎಎಸ್ 38ರ ಪ್ರಕಾರ ತಾನೇ ಬೆಳೆಸಿದ ಹೆಸರನ್ನು ಆಸ್ತಿಯೆಂದು ತೋರಿಸುವಂತಿಲ್ಲ. ದುಡ್ಡು ಕೊಟ್ಟು ಕೊಂಡವನು ತೋರಿಸಬಹುದು. 1988ರಲ್ಲಿ ಬ್ರಿಟನ್ನಿನ ರ‍್ಯಾಂಕ್ ಹೋವಿಸ್ ಮೆಕ್‌ಡೂಗಲ್ ಎಂಬ ಆಹಾರ ಕಂಪನಿ ತನ್ನ ಹೆಸರುಗಳಿಗೆ 67.8 ಕೋಟಿ ಪೌಂಡ್ ಬೆಲೆ ಕಟ್ಟಿಸಿ ಪಟ್ಟಿಗೆ ಸೇರಿಸಿದಾಗ ಲೆಕ್ಕಿಗರ ಲೋಕದಲ್ಲಿ ದೊಡ್ಡ ಗದ್ದಲವೆದ್ದಿತ್ತು. ನಮ್ಮ ಹಳದಿಯ ಪಟ್ಟಿಯಲ್ಲಿ ವ್ಯಾನುಗಳಿವೆ, ಒಣಗಿಸುವ ತಟ್ಟೆಗಳಿವೆ. ಮುದ್ರಣಾಲಯದಿಂದ ಬಂದು ಇನ್ನೂ ಕಟ್ಟು ಬಿಚ್ಚದ ಖಾಲಿ ಹಳದಿ ಪ್ಯಾಕೆಟ್ಟುಗಳೂ ಇವೆ, ಕಾಗದದ ದರದಲ್ಲಿ.