ಪರಿಶೀಲನೆಯಲ್ಲೇ ಕೂತ ಜಾಹೀರಾತಿಗೆ ಕೈ ಹಚ್ಚುವ ಮೊದಲು

ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಜಾಹೀರಾತು ಹಾಕಿದವರು ಗಂಟೆಗಟ್ಟಲೆ ಮೆಟಾದ Ads Manager ಪುಟದಲ್ಲಿ ಡೆಲಿವರಿ ಕಾಲಮ್ ನೋಡುತ್ತಾ ಕೂರುತ್ತಾರೆ, ಅಲ್ಲಿ In review ಎಂಬುದನ್ನು ಬಿಟ್ಟು ಬೇರೇನೂ ಕಾಣಿಸುವುದಿಲ್ಲ. ಯಾವ ಭಾಗವನ್ನು ನೋಡುತ್ತಿದ್ದಾರೆ, ಏಕೆ ತಡವಾಗುತ್ತಿದೆ ಎಂಬುದನ್ನು ಹೇಳುವಷ್ಟು ಸೌಜನ್ಯವೂ ಆ ವೇದಿಕೆಗಿಲ್ಲ. ಇದಕ್ಕಿಂತಲೂ ನನ್ನನ್ನು ಕೆರಳಿಸುವುದು ಸುತ್ತಲಿನವರು ಧಾರಾಳವಾಗಿ ಕೊಡುವ ಸಲಹೆ: "ಒಂದು ಪದ ಬದಲಿಸಿ ಮತ್ತೆ ಪಬ್ಲಿಶ್ ಮಾಡಿ, ಬೇಗ ಪಾಸಾಗುತ್ತದೆ." ಆಗುವುದು ಇದರ ತದ್ವಿರುದ್ಧ. ಚಿತ್ರ, ಬರಹ, ಲಿಂಕ್ ಅಥವಾ ಗುರಿಯಿಟ್ಟ ಜನವರ್ಗವನ್ನು ತಿದ್ದಿದರೆ ಜಾಹೀರಾತು ಹೊಸದಾಗಿ ಪರಿಶೀಲನೆಗೆ ಹೋಗುತ್ತದೆ, ಅಲ್ಲಿಯವರೆಗೆ ಕಾದದ್ದು ವ್ಯರ್ಥವಾಗುತ್ತದೆ.

ಹೆಚ್ಚಿನ ಜಾಹೀರಾತುಗಳ ಪರಿಶೀಲನೆ 24 ಗಂಟೆಯೊಳಗೆ ಮುಗಿಯುತ್ತದೆ. ಅಷ್ಟರವರೆಗೆ ಅದನ್ನು ಮುಟ್ಟದಿರುವುದೇ ಸರಿ. ಅದನ್ನೂ ಮೀರಿದರೆ ಮೊದಲು ನೋಡಬೇಕಾದದ್ದು ಜಾಹೀರಾತನ್ನಲ್ಲ, ಖಾತೆಯನ್ನು: ಪಾವತಿ ವಿಫಲವಾಗಿದೆಯೇ, ಖಾತೆಗೆ ನಿರ್ಬಂಧ ಬಿದ್ದಿದೆಯೇ, ಗುರುತಿನ ದಾಖಲೆ ಕೇಳಿದ ಸೂಚನೆ ಎಲ್ಲಾದರೂ ಓದದೆ ಉಳಿದಿದೆಯೇ ಎಂದು. ನಂತರ ಲಿಂಕ್ ಅನ್ನು ಲಾಗಿನ್ ಆಗದ ಬೇರೊಂದು ಮೊಬೈಲ್‌ನಲ್ಲಿ ತೆರೆದು ನೋಡಬೇಕು, ಏಕೆಂದರೆ ಪರಿಶೀಲನೆ ಚಿತ್ರ ಮತ್ತು ಬರಹಕ್ಕೆ ನಿಲ್ಲದೆ ಲಿಂಕ್ ತಲುಪುವ ಪುಟದವರೆಗೂ ಹೋಗಬಹುದು, ಆ ಪುಟ ತೆರೆಯದಿದ್ದರೆ ಅಥವಾ ಜಾಹೀರಾತಿನಲ್ಲಿರುವ ವಸ್ತುವೇ ಅಲ್ಲಿಲ್ಲದಿದ್ದರೆ ಜಾಹೀರಾತು ತಿರಸ್ಕೃತವಾಗಬಹುದು.

ಪರಿಶೀಲನೆ ಮುಗಿದು Active ಎಂದು ಬಂದರೂ ಜಾಹೀರಾತು ಯಾರಿಗೂ ಕಾಣಿಸುತ್ತಿಲ್ಲವೆಂದರೆ ಅದು ಬೇರೆಯೇ ಕಥೆ. ಆಗ ಪರಿಶೀಲಕರನ್ನು ಶಪಿಸಿ ಫಲವಿಲ್ಲ. ಖಾತೆಯ ಒಟ್ಟು ಖರ್ಚಿನ ಮಿತಿ ಮುಟ್ಟಿದೆಯೇ, ಖರೀದಿಯಂಥ ಒಂದು ಫಲಿತಾಂಶಕ್ಕೆ ಇಷ್ಟೇ ಕೊಡುತ್ತೇನೆಂದು ಹಾಕಿದ ಗರಿಷ್ಠ ಮೊತ್ತ ತೀರಾ ಕಡಿಮೆಯಾಗಿದೆಯೇ ಎಂದು ನೋಡಬೇಕು.

ಇನ್ನು ಅದೇ ಡೆಲಿವರಿ ಕಾಲಮ್‌ನಲ್ಲಿ ಕಾಣಿಸುವ Learning limited ಎಂಬ ಸೂಚನೆ. ಎಷ್ಟೋ ಜನ ಇದನ್ನು ಶಿಕ್ಷೆಯೆಂದು ತಿಳಿದು ಕಂಗಾಲಾಗುತ್ತಾರೆ, ವೇದಿಕೆಯೂ ಆ ಭಯವನ್ನು ಹೋಗಲಾಡಿಸುವ ಗೋಜಿಗೆ ಹೋಗುವುದಿಲ್ಲ. ಇದು ಶಿಕ್ಷೆಯಲ್ಲ, ಲೆಕ್ಕದ ಕೊರತೆ. ಯಾರಿಗೆ ತೋರಿಸಿದರೆ ಫಲ ಸಿಗುತ್ತದೆ ಎಂಬುದನ್ನು ಕಲಿಯಲು, ಒಂದೇ ಜನವರ್ಗಕ್ಕೆ ಗುರಿಯಿಟ್ಟ ಜಾಹೀರಾತುಗಳ ಗುಂಪಾದ ಒಂದು ಆಡ್ ಸೆಟ್‌ಗೆ, ಕೊನೆಯ ದೊಡ್ಡ ಬದಲಾವಣೆಯಾದ ಮೇಲೆ, ಒಂದು ವಾರದಲ್ಲಿ ಸುಮಾರು 50 ಫಲಿತಾಂಶಗಳು ಬೇಕು. ಅಷ್ಟು ಸಿಗುವ ಲಕ್ಷಣವಿಲ್ಲದಿದ್ದಾಗ ಈ ಸೂಚನೆ ಬರುತ್ತದೆ. ಜಾಹೀರಾತು ಆಗಲೂ ಓಡುತ್ತಿರುತ್ತದೆ, ಆದರೆ ಒಂದೊಂದು ಫಲಿತಾಂಶಕ್ಕೆ ತಗಲುವ ವೆಚ್ಚ ಏರಿಳಿಯುತ್ತಲೇ ಇರುತ್ತದೆ.

ನನ್ನ ಗೆಳತಿಯೊಬ್ಬಳು ಕೈಚೀಲಗಳನ್ನು ಮಾರುತ್ತಾಳೆ. "ಬೇರೆ ಬೇರೆ ಜನವರ್ಗಕ್ಕೆ ಬೇರೆ ಬೇರೆ ಆಡ್ ಸೆಟ್ ಮಾಡು" ಎಂದು ಯಾರೋ ಹೇಳಿದ್ದನ್ನು ನಂಬಿ ಐದು ಆಡ್ ಸೆಟ್ ಮಾಡಿ, ಐದಕ್ಕೂ ಖರೀದಿಯನ್ನೇ ಗುರಿಯಾಗಿಟ್ಟಿದ್ದಳು. ಒಂದು ಖರೀದಿಗೆ ಆಗುತ್ತಿದ್ದ ಜಾಹೀರಾತು ವೆಚ್ಚದ ಅರ್ಧದಷ್ಟನ್ನು ಪ್ರತಿ ಸೆಟ್‌ಗೂ ದಿನದ ಬಜೆಟ್ ಆಗಿ ಇಟ್ಟಿದ್ದಳು. ಅಂದರೆ ಒಂದು ಸೆಟ್‌ಗೆ ವಾರಕ್ಕೆ ಹೆಚ್ಚೆಂದರೆ ಮೂರೋ ನಾಲ್ಕೋ ಖರೀದಿ. ಬೇಕಾದದ್ದು 50! ಐದೂ ಸೆಟ್‌ಗಳು Learning limited ಆದವು. ಪರಿಹಾರವೆಂದು ಅವಳಿಗೆ ಬಂದ ಸಲಹೆ ಏನು? ಎರಡು ದಿನಕ್ಕೊಮ್ಮೆ ಚಿತ್ರ ಬದಲಿಸು ಎಂದು! ಪ್ರತಿ ಬದಲಾವಣೆಗೂ ಕಲಿಕೆ ಮೊದಲಿನಿಂದ ಶುರುವಾಗುತ್ತದೆ ಎಂಬುದನ್ನು ಹೇಳದೆ ಒಬ್ಬರ ದುಡ್ಡು ಸುಡಿಸುವುದು ಅನ್ಯಾಯವಲ್ಲದೆ ಮತ್ತೇನು?

ಐದನ್ನೂ ಒಂದೇ ಸೆಟ್ ಆಗಿ ಕೂಡಿಸಿ, ಬಜೆಟ್ಟನ್ನೂ ಅದರಲ್ಲೇ ಸೇರಿಸಿದರೂ ವಾರಕ್ಕೆ ಸಿಗುವುದು ಹದಿನೇಳು ಖರೀದಿ, ಸಾಲದು. ಅವಳ ಅಂಗಡಿಯಲ್ಲಿ ಒಂದು ಖರೀದಿಗೆ ಸುಮಾರು ನಾಲ್ಕು ಬಾರಿ ಜನ ವಸ್ತುವನ್ನು ಕಾರ್ಟ್‌ಗೆ ಹಾಕುತ್ತಿದ್ದರು. ಆದ್ದರಿಂದ ಗುರಿಯನ್ನು ಖರೀದಿಯಿಂದ ಕಾರ್ಟ್‌ಗೆ ಹಾಕುವುದಕ್ಕೆ ಬದಲಿಸಿದರೆ ಲೆಕ್ಕ ಎಪ್ಪತ್ತರ ಹತ್ತಿರ ಬರುತ್ತದೆ, ಕಲಿಕೆಗೆ ಅಷ್ಟು ಸಾಕು. ಇದಕ್ಕೂ ಒಂದು ಮಿತಿಯುಂಟು: ಕಾರ್ಟ್‌ಗೆ ಹಾಕಿ ಕೊಳ್ಳದೆ ಹೋಗುವವರನ್ನೇ ವ್ಯವಸ್ಥೆ ಹುಡುಕಿ ತರಬಹುದು. ಹೀಗಾಗಿ ಗುರಿ ಬದಲಿಸಿದ ಮೇಲೂ ಖರೀದಿಯ ಸಂಖ್ಯೆಯನ್ನೇ ಗಮನಿಸುತ್ತಿರಬೇಕು, ಅದು ಕುಸಿದರೆ ಖರೀದಿಯ ಗುರಿಗೇ ಮರಳಿ, Learning limited ಎಂಬ ಸೂಚನೆಯೊಂದಿಗೇ ಜಾಹೀರಾತು ಓಡಿಸುವುದು ಲೇಸು.

ವಾರದ ಬಜೆಟ್ಟನ್ನು ಒಂದು ಫಲಿತಾಂಶದ ವೆಚ್ಚದಿಂದ ಭಾಗಿಸುವ ಲೆಕ್ಕ ಇಷ್ಟೇ. ಬಜೆಟ್ ತುಂಬುವ ಪುಟದಲ್ಲೇ, ಪಬ್ಲಿಶ್ ಒತ್ತುವ ಮೊದಲೇ, ಈ ಲೆಕ್ಕವನ್ನು ಅವಳ ಮುಂದಿಡಲು ಆ ವೇದಿಕೆಗೆ ಏನು ತೊಂದರೆಯಿತ್ತು?