ಎರಡು ರೂಪಾಯಿ ನೋಟಿನ ಜಾತಕ

ನಾಣ್ಯಕ್ಕೆ ತನ್ನ ಹುಟ್ಟಿದ ವರ್ಷವನ್ನು ಮುಚ್ಚಿಡುವ ಅಭ್ಯಾಸವಿಲ್ಲ. ಎಷ್ಟೇ ಸವೆದಿದ್ದರೂ ಬೆರಳಿನಿಂದ ಉಜ್ಜಿ ಬೆಳಕಿಗೆ ಹಿಡಿದರೆ ಇಸವಿ ಕಾಣಿಸುತ್ತದೆ. ನಮ್ಮ ರಿಸರ್ವ್ ಬ್ಯಾಂಕಿನ ಹಳೆಯ ನೋಟುಗಳು ಹಾಗಲ್ಲ. ಅಜ್ಜಿಯರು ದೇವರ ಮನೆಯ ಡಬ್ಬಿಯಲ್ಲಿ ಅರಿಶಿನ ಕುಂಕುಮದ ಕಲೆಯೊಂದಿಗೆ ಉಳಿಸಿಹೋದ ಎರಡು ರೂಪಾಯಿಯನ್ನೋ ಐದು ರೂಪಾಯಿಯನ್ನೋ ಹಿಂದೆ ಮುಂದೆ ಎಷ್ಟು ತಿರುಗಿಸಿದರೂ ಇಸವಿ ಸಿಗುವುದಿಲ್ಲ. ನೋಟಿನ ಹಿಂಬದಿಯಲ್ಲಿ ಮುದ್ರಣದ ವರ್ಷವನ್ನು ಹಾಕುವ ಕ್ರಮ ಬಂದದ್ದೇ 2005ರ ನಂತರದ ಸರಣಿಯಲ್ಲಿ. ಅದಕ್ಕಿಂತ ಹಿಂದಿನ ನೋಟಿನ ಜಾತಕವನ್ನು ಬರೆಯಬೇಕಾದರೆ ಗ್ರಹಗಳ ಬದಲು ಗವರ್ನರರನ್ನು ನೋಡಬೇಕು.

ಒಂದು ನೋಟನ್ನೇ ಎದುರಿಗಿಟ್ಟುಕೊಳ್ಳೋಣ. ನಸುಗೆಂಪು ಬಣ್ಣದ ಎರಡು ರೂಪಾಯಿ. ಮುಂಬದಿಯಲ್ಲಿ ಅಶೋಕಸ್ತಂಭದ ಸಿಂಹಗಳು, ಹಿಂಬದಿಯಲ್ಲಿ ಆರ್ಯಭಟ ಉಪಗ್ರಹ. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ತಯಾರಾದ ಆ ಉಪಗ್ರಹ ಆಕಾಶಕ್ಕೆ ಹಾರಿದ್ದು 1975ರ ಏಪ್ರಿಲ್ 19ರಂದು. ಹಾರಿದ ಮೇಲೆ ತಾನೇ ನೋಟಿನ ಮೇಲೆ ಇಳಿಯಬೇಕು? ಆದ್ದರಿಂದ ಒಂದು ಗಡಿ ಆಗಲೇ ಸಿಕ್ಕಿತು. ಎರಡು ರೂಪಾಯಿ ನೋಟಿನ ಮುದ್ರಣ 1995ರಲ್ಲಿ ನಿಂತುಹೋಯಿತು. ಅದು ಇನ್ನೊಂದು ಗಡಿ. ನಡುವೆ ಉಳಿದದ್ದು ಸುಮಾರು ಇಪ್ಪತ್ತು ವರ್ಷ. ಅದನ್ನು ಕುಗ್ಗಿಸಲು ಸಹಿಯ ಕಡೆಗೆ ಬರಬೇಕು. ಸಹಿ ಐ. ಜಿ. ಪಟೇಲರದಾದರೆ 1977ರ ಕೊನೆಯಿಂದ 1982ರವರೆಗಿನ ಅವಧಿ, ಮನಮೋಹನ ಸಿಂಗರದಾದರೆ 1982ರ ಸೆಪ್ಟೆಂಬರಿನಿಂದ 1985ರ ಜನವರಿಯವರೆಗೆ, ಆರ್. ಎನ್. ಮಲ್ಹೋತ್ರರದಾದರೆ ಅಲ್ಲಿಂದ 1990ರವರೆಗೆ. ನಮ್ಮ ನೋಟಿನಲ್ಲಿ ಮನಮೋಹನ ಸಿಂಗರ ಹೆಸರಿದೆ ಎಂದುಕೊಂಡರೆ ಇಪ್ಪತ್ತು ವರ್ಷದ ಅನಿಶ್ಚಯ ಎರಡೂಕಾಲು ವರ್ಷಕ್ಕೆ ಇಳಿಯಿತು.

ಆದರೆ ಈ ಲೆಕ್ಕವನ್ನು ಕಲ್ಲಿನ ಮೇಲಿನ ಶಾಸನ ಎಂದು ನಂಬಬಾರದು. ಮನಮೋಹನ ಸಿಂಗರು ಹೊರಟ ಮೇಲೆ, ಮಲ್ಹೋತ್ರರು ಬರುವುದಕ್ಕೆ ಮೊದಲು, ಅಮಿತಾವ್ ಘೋಷ್ ಎಂಬುವರು ಇಪ್ಪತ್ತು ದಿನಗಳ ಮಟ್ಟಿಗೆ ಗವರ್ನರರಾಗಿದ್ದರು. ಅವರ ಸಹಿ ಇರುವ ನೋಟು ಒಂದೂ ಇಲ್ಲ. ಹಾಗೆಂದು ಆ ಇಪ್ಪತ್ತು ದಿನ ಮುದ್ರಣಾಲಯಗಳೇನೂ ಬಾಗಿಲು ಹಾಕಿರಲಿಲ್ಲ. ಅಧಿಕಾರ ಒಂದು ಮಧ್ಯಾಹ್ನದಲ್ಲಿ ಕೈ ಬದಲಿಸಬಹುದು. ಅಚ್ಚಿನ ಫಲಕಗಳು ಅಷ್ಟು ಚುರುಕಾಗಿ ಬದಲಾಗುವುದಿಲ್ಲ. ಆದ್ದರಿಂದ ಸಹಿಯು ನೋಟು ಯಾವ ದಿನಕ್ಕಿಂತ ಹಿಂದಿನದಲ್ಲ ಎಂಬುದನ್ನು ಖಚಿತವಾಗಿ ಹೇಳುತ್ತದೆ. ಯಾವ ದಿನಕ್ಕಿಂತ ಈಚಿನದಲ್ಲ ಎಂಬುದನ್ನು ಸ್ವಲ್ಪ ಗಂಟಲು ಸರಿಮಾಡಿಕೊಂಡು ಹೇಳುತ್ತದೆ.

ಸಹಿ ನೋಡುವವರು ಮುಗ್ಗರಿಸುವ ಇನ್ನೊಂದು ಜಾಗವೆಂದರೆ ಒಂದು ರೂಪಾಯಿ ನೋಟು. ಅದು ರಿಸರ್ವ್ ಬ್ಯಾಂಕಿನದಲ್ಲ, ಭಾರತ ಸರ್ಕಾರದ್ದು. ಅದಕ್ಕೆ ಸಹಿ ಹಾಕುವವರು ಹಣಕಾಸು ಕಾರ್ಯದರ್ಶಿ. ನಮ್ಮ ದೇಶದಲ್ಲಿ ಹಣಕಾಸು ಕಾರ್ಯದರ್ಶಿಯಾಗಿದ್ದವರು ಮುಂದೆ ಗವರ್ನರರಾಗುವುದು ಬಹಳ ಕಾಲದಿಂದ ನಡೆದುಬಂದ ರೂಢಿಯಾದ್ದರಿಂದ, ಐ. ಜಿ. ಪಟೇಲ್, ಮನಮೋಹನ ಸಿಂಗ್, ಮಲ್ಹೋತ್ರ, ವೆಂಕಟರಮಣನ್, ಬಿಮಲ್ ಜಲಾನ್ ಇವರೆಲ್ಲರ ಸಹಿಯೂ ಎರಡು ಕಡೆ ಸಿಗುತ್ತದೆ. ಮನಮೋಹನ ಸಿಂಗರ ಸಹಿಯ ಒಂದು ರೂಪಾಯಿ ನೋಟು ಎಪ್ಪತ್ತರ ದಶಕದ ಕೊನೆಯದು, ಅವರ ಸಹಿಯ ಎರಡು ರೂಪಾಯಿ ಎಂಬತ್ತರ ದಶಕದ್ದು. ಪದವಿಯ ಹೆಸರನ್ನು ಓದದೆ ಸಹಿಯನ್ನು ಮಾತ್ರ ಓದಿದರೆ ಐದಾರು ವರ್ಷ ಅತ್ತಿತ್ತ ಆಗುತ್ತದೆ.

ಒಂದು ರೂಪಾಯಿ ನೋಟಿನ ಮೇಲೆ ಇಸವಿ ಅಚ್ಚಾಗಿರುತ್ತದಲ್ಲ, ಅಲ್ಲಿ ಸಹಿಯ ಗೊಡವೆ ಏಕೆ ಎಂದು ಕೇಳಬಹುದು. ಅಚ್ಚಾದ ಇಸವಿಯೂ ಪೂರ್ತಿ ಸತ್ಯವಂತವಲ್ಲ. 1957 ಎಂದು ಅಚ್ಚಾಗಿರುವ ಒಂದು ರೂಪಾಯಿ ನೋಟುಗಳಲ್ಲಿ ಎಚ್. ಎಂ. ಪಟೇಲರ ಸಹಿಯವು ಇವೆ, ಎ. ಕೆ. ರಾಯ್ ಅವರ ಸಹಿಯವು ಇವೆ, ಅರವತ್ತರ ದಶಕದಲ್ಲಿ ಹಣಕಾಸು ಕಾರ್ಯದರ್ಶಿಯಾದ ಎಲ್. ಕೆ. ಝಾ ಅವರ ಸಹಿಯವೂ ಇವೆ. ಇಸವಿ ಹಾಗೆಯೇ ನಿಂತಿತು, ಕಾರ್ಯದರ್ಶಿಗಳು ಬದಲಾದರು. ಹೀಗೆ ಇಸವಿ ಇರುವ ನೋಟಿನಲ್ಲಿ ಕೂಡ ಇಸವಿಯನ್ನು ತಿದ್ದುವ ಕೆಲಸ ಸಹಿಯದೇ ಆಗುತ್ತದೆ.

ಸಹಿಯ ಬಳಿಕ ಸಂಖ್ಯೆ. ನೋಟಿನ ಸಂಖ್ಯೆ ಎಂದರೆ ಜಗತ್ತಿನಲ್ಲಿ ಅದೊಂದಕ್ಕೇ ಮೀಸಲಾದದ್ದು ಎಂದು ನಾವೆಲ್ಲ ತಿಳಿದಿರುತ್ತೇವೆ. ಹಾಗೇನಿಲ್ಲ. ಒಂದೇ ಸಂಖ್ಯೆಯ ಎರಡು ನೋಟುಗಳು ಚಲಾವಣೆಯಲ್ಲಿರುವುದು ಸಾಧ್ಯವೆಂದೂ, ಆದರೆ ಅವುಗಳಲ್ಲಿ ಇನ್‌ಸೆಟ್ ಅಕ್ಷರವೋ ಮುದ್ರಣದ ವರ್ಷವೋ ಗವರ್ನರರ ಸಹಿಯೋ ಬೇರೆ ಇರುತ್ತದೆಂದೂ ರಿಸರ್ವ್ ಬ್ಯಾಂಕೇ ಹೇಳುತ್ತದೆ. ಇನ್‌ಸೆಟ್ ಎಂದರೆ ಸಂಖ್ಯೆಯ ಜಾಗದಲ್ಲಿ ಅಂಕಿಗಳ ಬೆನ್ನಿಗೆ ಅಚ್ಚಾಗಿರುವ ಒಂಟಿ ಇಂಗ್ಲಿಷ್ ಅಕ್ಷರ. ಅಕ್ಷರವೇ ಇಲ್ಲದ ನೋಟನ್ನು ಸಂಗ್ರಾಹಕರು ‘ಪ್ಲೇನ್’ ಎನ್ನುತ್ತಾರೆ. ಒಂದೇ ಗವರ್ನರರ ಒಂದೇ ಬೆಲೆಯ ನೋಟಿನಲ್ಲಿ ಪ್ಲೇನ್, ಎ, ಬಿ ಎಂದು ಹಲವು ಬಗೆಗಳಿದ್ದು, ಅವುಗಳಲ್ಲಿ ಒಂದು ಸಂತೆಯಲ್ಲಿ ರಾಶಿಯಾಗಿ ಸಿಕ್ಕಿ ಇನ್ನೊಂದು ವರ್ಷಗಟ್ಟಲೆ ಕಾಣದೆ ಹೋಗಬಹುದು. ಹೊರಗಿನವರ ಕಣ್ಣಿಗೆ ಎರಡೂ ಒಂದೇ. ಸಂಗ್ರಾಹಕರ ಮನೆಯವರು ನಿಟ್ಟುಸಿರು ಬಿಡುವುದು ಸಾಮಾನ್ಯವಾಗಿ ಈ ಹಂತದಲ್ಲಿ.

ಮುಂದಿನ ಅಕ್ಷರಗಳು, ಎಂದರೆ ಪ್ರಿಫಿಕ್ಸ್, ಕೆಲವೊಮ್ಮೆ ನೋಟು ಯಾರಿಗಾಗಿ ಅಚ್ಚಾಯಿತು ಎಂಬುದನ್ನೇ ಹೇಳಿಬಿಡುತ್ತವೆ. ಐವತ್ತರ ದಶಕದಲ್ಲಿ ಕೊಲ್ಲಿ ದೇಶಗಳಲ್ಲಿಯೂ ನಮ್ಮ ರೂಪಾಯಿ ನಡೆಯುತ್ತಿತ್ತು. ಆ ದಾರಿಯಲ್ಲಿ ಚಿನ್ನದ ಕಳ್ಳಸಾಗಣೆ ಹೆಚ್ಚಿದಾಗ 1959ರಲ್ಲಿ ಕೊಲ್ಲಿಗೆಂದೇ ಬೇರೆ ಬಣ್ಣದ, ಜೆಡ್ ಅಕ್ಷರದ ನೋಟುಗಳನ್ನು ತರಲಾಯಿತು. ಹಜ್ ಯಾತ್ರಿಕರಿಗೆಂದು ಎಚ್‌ಎ ಅಕ್ಷರಗಳ ನೋಟುಗಳಿದ್ದವು. ಕೊಲ್ಲಿಯ ನಾಡುಗಳು ಒಂದೊಂದಾಗಿ ತಮ್ಮ ಹಣವನ್ನು ತಂದುಕೊಂಡು, 1966ರ ಅಪಮೌಲ್ಯದ ನಂತರ ಉಳಿದವೂ ಕೈಬಿಟ್ಟ ಮೇಲೆ ಆ ನೋಟುಗಳು ಹಿಂದಕ್ಕೆ ಬಂದು ಮುಗಿದವು. ಇಂದು ಹರಾಜಿನಲ್ಲಿ ಅವುಗಳ ಬೆಲೆ ಕೇಳಿದರೆ ಚಿನ್ನದ ಕಳ್ಳಸಾಗಣೆಯೇ ಸುಲಭವಿತ್ತೇನೋ ಅನ್ನಿಸುತ್ತದೆ.

ವಿರಳತೆಗೆ ಕಾರಣವೇನು ಎಂಬ ಪ್ರಶ್ನೆಗೆ ‘ಗವರ್ನರರು ಕಡಿಮೆ ದಿನ ಇದ್ದರು’ ಎಂಬ ಉತ್ತರವನ್ನು ಎಲ್ಲರೂ ಕೊಡುತ್ತಾರೆ. ಅದು ಅರ್ಧ ಮಾತು. ಬಿ. ಎನ್. ಅಡಾರ್ಕರರು 1970ರಲ್ಲಿ ಗವರ್ನರರಾಗಿದ್ದದ್ದು ಕೇವಲ 42 ದಿನ. ಆದರೆ ಗಾಂಧೀಜಿಯವರ ಜನ್ಮಶತಾಬ್ದಿಗೆ ಹೊರತಂದ, ಕುಳಿತ ಗಾಂಧಿಯ ಚಿತ್ರವಿರುವ ನೋಟುಗಳಲ್ಲಿ ಎರಡು, ಐದು, ಹತ್ತು, ನೂರು ರೂಪಾಯಿಗಳಲ್ಲಿ ಅವರ ಸಹಿ ಇದೆ. ಸಣ್ಣ ಬೆಲೆಯವು ಈಗಲೂ ಹುಡುಕಿದರೆ ಸಿಗುತ್ತವೆ. ಎನ್. ಸಿ. ಸೇನ್‌ಗುಪ್ತರು 1975ರಲ್ಲಿ ಮೂರು ತಿಂಗಳಿದ್ದರು, ಎಂದರೆ ಅಡಾರ್ಕರರ ಎರಡರಷ್ಟು ಕಾಲ. ಆದರೂ ಅವರ ಸಹಿಯ ನೋಟು ಬಹಳ ವಿರಳ. ಅವರ ಸಹಿ ಬಂದದ್ದು ಸಾವಿರ ರೂಪಾಯಿ ನೋಟಿನಲ್ಲಿ ಮಾತ್ರ. ಆ ಕಾಲಕ್ಕೆ ಸಾವಿರದ ನೋಟನ್ನು ನೆನಪಿಗೆಂದು ಡಬ್ಬಿಯಲ್ಲಿ ಎತ್ತಿಡುವ ಮನೆಗಳು ಎಷ್ಟಿದ್ದಾವು? ಅದರ ಮೇಲೆ 1978ರ ಜನವರಿಯಲ್ಲಿ ಸಾವಿರದ ನೋಟು ರದ್ದಾಗಿ, ಇದ್ದವರೆಲ್ಲ ಬ್ಯಾಂಕಿನ ಮುಂದೆ ಸಾಲು ನಿಂತು ಹಿಂದಿರುಗಿಸಿದರು. ಎಷ್ಟು ಅಚ್ಚಾಯಿತು ಎಂಬುದಕ್ಕಿಂತ ಎಷ್ಟು ಹಿಂದಕ್ಕೆ ಹೋಗದೆ ಉಳಿಯಿತು ಎಂಬುದೇ ಬೆಲೆಯನ್ನು ಕಟ್ಟುತ್ತದೆ. ಇನ್ನೊಂದು ತುದಿಯಲ್ಲಿ ಮಂಗಳೂರಿನ ಬೆನಗಲ್ ಮನೆತನದ ರಾಮರಾಯರಿದ್ದಾರೆ. 1949ರಿಂದ 1957ರವರೆಗೆ, ಬೇರೆ ಯಾವ ಗವರ್ನರರೂ ಇರದಷ್ಟು ಕಾಲ ಇದ್ದವರು. ಅವರ ಸಹಿಯೊಂದರಿಂದಲೇ ಕಾಲ ನಿರ್ಣಯ ಮಾಡುವುದು ಕಷ್ಟ. ಆಗ 1953ರಿಂದ ನೋಟಿನಲ್ಲಿ ಹಿಂದಿಗೆ ಎದ್ದುಕಾಣುವ ಜಾಗ ಸಿಕ್ಕಿದ್ದನ್ನು ಆಸರೆಯಾಗಿ ಹಿಡಿಯಬೇಕಾಗುತ್ತದೆ.

ಕಾಗದದ ಮಾತು ಬಂದಾಗ ನೋಟನ್ನು ಬೆಳಕಿಗೆ ಹಿಡಿಯುವುದು ಮೊದಲ ಕೆಲಸ. ನೀರುಗುರುತಿನಲ್ಲಿ ರಾಜನ ತಲೆ ಕಂಡರೆ ಬ್ರಿಟಿಷರ ಕಾಲ, ಸಿಂಹಗಳು ಕಂಡರೆ ಗಣರಾಜ್ಯದ ಮೊದಲ ದಶಕಗಳು, ಗಾಂಧೀಜಿ ಕಂಡರೆ 1996ರ ಈಚೆಗೆ. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರು ನಮ್ಮ ನೋಟುಗಳನ್ನು ಚೆನ್ನಾಗಿ ನಕಲು ಮಾಡಿದ್ದರಿಂದ ರಾಜನ ಚಿತ್ರವೇ ಬದಲಾಯಿತು, ಭದ್ರತಾ ದಾರವೂ ಆಗಲೇ ಮೊದಲ ಬಾರಿಗೆ ಕಾಗದದೊಳಗೆ ಬಂದಿತು. ಆರನೆಯ ಜಾರ್ಜ್ ಕೆಲವು ನೋಟುಗಳಲ್ಲಿ ಪಕ್ಕಕ್ಕೆ ತಿರುಗಿಯೂ ಕೆಲವುಗಳಲ್ಲಿ ನೇರವಾಗಿಯೂ ನೋಡುವುದು ಈ ಕಾರಣಕ್ಕೆ. ನೇರವಾಗಿ ನೋಡುವವನು ಈಚಿನವನು.

ಕಾಗದದಲ್ಲಿ ವ್ಯಾಪಾರಿಗಳು ನೋಡುವುದು ಮಾತ್ರ ಬೇರೆ. ಮಡಿಕೆ ಎಷ್ಟು, ಅಂಚು ಮೊಂಡಾಗಿದೆಯೇ, ತೊಳೆದಿದ್ದಾರೆಯೇ ಎಂದು ಅವರ ಕಣ್ಣು ಓಡುತ್ತದೆ. ಮಾಸಿದ ನೋಟನ್ನು ತೊಳೆದು ಇಸ್ತ್ರಿ ಹಾಕಿ ಹೊಸದೆಂದು ಮಾರುವವರಿದ್ದಾರೆ. ಓರೆ ಬೆಳಕಿನಲ್ಲಿ ಹಿಡಿದರೆ ಹಳೆಯ ಮಡಿಕೆಯ ಗೆರೆ ಮತ್ತೆ ಕಾಣುತ್ತದೆ. ಒತ್ತಿದ ನೋಟಿನಲ್ಲಿ ಅಚ್ಚಿನ ಉಬ್ಬು ಬೆರಳಿಗೆ ಸಿಗದೆ ಮೈ ಚಪ್ಪಟೆಯಾಗಿರುತ್ತದೆ. ಆದರೆ ಎಡಬದಿಯಲ್ಲಿ ಪಿನ್ನಿನ ತೂತುಗಳಿದ್ದರೆ ಗಾಬರಿಯಾಗಬೇಕಿಲ್ಲ. ಬ್ಯಾಂಕುಗಳು ಕಟ್ಟಿಗೆ ಪಿನ್ನು ಹೊಡೆಯುತ್ತಿದ್ದ ಕಾಲದಲ್ಲಿ ಯಾರ ಕೈಗೂ ಹೋಗದ ಗರಿಗರಿ ನೋಟಿಗೂ ಆ ಗಾಯ ತಪ್ಪುತ್ತಿರಲಿಲ್ಲ. ತೂತಿಲ್ಲದ ಹಳೆಯ ಹೊಸ ನೋಟಿಗೆ ಬೆಲೆ ಹೆಚ್ಚು.

ಇನ್ನು 786, ಆರೂ ಅಂಕಿ ಒಂದೇ ಇರುವುದು, 123456 ಇತ್ಯಾದಿಗಳ ವ್ಯಾಮೋಹ ಬೇರೆಯೇ ಲೋಕ. ಅದರಲ್ಲಿ ಇತಿಹಾಸ ಕಡಿಮೆ, ಅದೃಷ್ಟ ಹೆಚ್ಚು. ನನಗೆ ಅದರ ರುಚಿ ಹತ್ತಿಲ್ಲ. ನಕ್ಷತ್ರದ ನೋಟು ಹಾಗಲ್ಲ. ಅಚ್ಚಿನಲ್ಲಿ ಕೆಟ್ಟ ನೋಟಿನ ಬದಲಿಗೆ ಕಟ್ಟಿನಲ್ಲಿ ಸೇರಿಸಲೆಂದು, ಅಕ್ಷರಕ್ಕೂ ಸಂಖ್ಯೆಗೂ ನಡುವೆ ನಕ್ಷತ್ರದ ಚಿಹ್ನೆಯಿಟ್ಟು 2006ರಿಂದ ಅದನ್ನು ಅಚ್ಚುಹಾಕುತ್ತಾರೆ. ಅದಕ್ಕೊಂದು ಕಸುಬಿನ ಕಾರಣವಿದೆ. ಟ್ರ್ಯಾಕ್ಟರಿನ ಐದು ರೂಪಾಯಿಗೆ ಲಕ್ಷಗಟ್ಟಲೆ ಕೊಡುತ್ತೇವೆಂಬ ಜಾಹೀರಾತುಗಳಿಗೆ ಇದಾವುದೂ ಬೇಕಿಲ್ಲ. ಅವರಿಗೆ ಬೇಕಾದದ್ದು ಮುಂಗಡ ಶುಲ್ಕ. ತನ್ನ ಹೆಸರು ಹೇಳಿಕೊಂಡು ಹಾಗೆ ಶುಲ್ಕ ಕೇಳುವವರನ್ನು ನಂಬಬೇಡಿರೆಂದು ರಿಸರ್ವ್ ಬ್ಯಾಂಕು 2021ರಲ್ಲಿ ಪ್ರಕಟಣೆಯನ್ನೇ ಕೊಡಬೇಕಾಯಿತು.

ಸಂಗ್ರಾಹಕರ ನಿಜವಾದ ಸಂಕಟ 2016ರಲ್ಲಿ ರದ್ದಾದ ಐನೂರು ಮತ್ತು ಸಾವಿರದ ನೋಟುಗಳದು. ಅವುಗಳನ್ನು ಸಾಮಾನ್ಯರು ಹತ್ತಕ್ಕಿಂತ ಹೆಚ್ಚು, ಅಧ್ಯಯನಕ್ಕೋ ನಾಣ್ಯಶಾಸ್ತ್ರಕ್ಕೋ ಇಟ್ಟುಕೊಳ್ಳುವವರು ಇಪ್ಪತ್ತೈದಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲವೆಂದು 2017ರ ಕಾನೂನು ಹೇಳುತ್ತದೆ. ಮಹಾತ್ಮ ಗಾಂಧಿ ಸರಣಿಯ ಐನೂರರ ನೋಟೊಂದರಲ್ಲೇ ರಂಗರಾಜನ್, ಜಲಾನ್, ವೈ. ವಿ. ರೆಡ್ಡಿ, ಸುಬ್ಬರಾವ್, ರಘುರಾಮ ರಾಜನ್ ಎಂದು ಐದು ಸಹಿಗಳು. ಅವುಗಳಲ್ಲಿ ಇಸವಿಯಿಲ್ಲದವು, ಇಸವಿಯುಳ್ಳವು. ಪ್ರತಿಯೊಂದಕ್ಕೂ ಹಲವು ಇನ್‌ಸೆಟ್ ಅಕ್ಷರಗಳು. ಸಾವಿರದ ನೋಟಿನ ಕಡೆ ತಿರುಗುವ ಮೊದಲೇ ಇಪ್ಪತ್ತೈದು ಮುಗಿದುಹೋಗುತ್ತದೆ.